ಮಲೆನಾಡಿನ ಹಸಿ ಕಸಕ್ಕೆ ಮೂರು ಯಂತ್ರಗಳು: ನಾನು ಬಯೋಗ್ಯಾಸ್ ಕಡೆಗೇಕೆ?

ಶಿವಮೊಗ್ಗ ಜಿಲ್ಲೆಯ ಮಧ್ಯಮ ಗಾತ್ರದ ಪಟ್ಟಣವೊಂದರ ಕಸ ಸಂಸ್ಕರಣಾ ಘಟಕದಲ್ಲಿ ಕೆಲಸ ಮಾಡುತ್ತಾ ದಹನ ಕುಲುಮೆ, ಗ್ಯಾಸಿಫೈಯರ್ ಮತ್ತು ಹಸಿ ಕಸವನ್ನು ಗಾಳಿಯಾಡದಂತೆ ಕೊಳೆಸಿ ಬಯೋಗ್ಯಾಸ್ ತೆಗೆಯುವ ಬಯೋಮೀಥನೇಶನ್ ಘಟಕ, ಈ ಮೂರನ್ನೂ ಅದೇ ಊರಿನ ಕಸ ಹಾಕಿ ನಡೆಸಿ ನೋಡಿದ್ದೇನೆ. ನನ್ನ ಒಲವು ಮೂರನೆಯದರ ಕಡೆಗೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮಾರಾಟಗಾರರ ಕೈಪಿಡಿಯಲ್ಲಿ ಸಿಗುವ ವಿವರಗಳನ್ನು ಇಲ್ಲಿ ಬರೆಯುವುದಿಲ್ಲ. ನಮ್ಮಲ್ಲಿ ಎಲ್ಲವನ್ನೂ ನಿರ್ಧರಿಸಿದ್ದು ಕಸದೊಳಗಿನ ನೀರು.

ಮೊದಲು ದಹನದ ಲೆಕ್ಕ. ಬೇಸಿಗೆಯಲ್ಲಿ ಒಂದು ಕಿಲೋ ಮಿಶ್ರ ಕಸದಲ್ಲಿ ಸುಮಾರು ಅರ್ಧ ಕಿಲೋ ನೀರು, 150 ಗ್ರಾಂ ಮಣ್ಣು ಮತ್ತು ಬೂದಿ, 350 ಗ್ರಾಂ ಸುಡುವ ಪದಾರ್ಥ ಇರುತ್ತದೆಂದು ಹಿಡಿಯೋಣ. ಸುಡುವ ಪದಾರ್ಥವು ಕಿಲೋಗೆ 4,500 ಕಿಲೋಕ್ಯಾಲೊರಿ ಶಾಖ ಕೊಟ್ಟರೆ ಒಟ್ಟು 1,575 ಆಯಿತು. ನೀರನ್ನು ಆವಿ ಮಾಡಲು ಕಿಲೋಗೆ ಸುಮಾರು 600 ಬೇಕಾಗುವುದರಿಂದ ಅದರಲ್ಲಿ 300 ಕಳೆದು 1,275 ಕೈಗೆ ಉಳಿಯುತ್ತದೆ. ಜುಲೈ ತಿಂಗಳಲ್ಲಿ ಅದೇ ಬೀದಿಯ ಕಸದಲ್ಲಿ ನೀರು 65 ಶೇಕಡಾ ಮುಟ್ಟಿ, ಸುಡುವ ಭಾಗ 240 ಗ್ರಾಂಗೆ ಇಳಿದರೆ ಸಿಗುವ ಶಾಖ 1,080, ನೀರಿಗೆ ಹೋಗುವುದು 390, ಉಳಿಯುವುದು 690. ಬೇರೆ ಇಂಧನದ ನೆರವಿಲ್ಲದೆ ಕುಲುಮೆ ಉರಿಯಬೇಕಾದರೆ ಕಸದಲ್ಲಿ ವರ್ಷವಿಡೀ ಕನಿಷ್ಠ 1,450ರಷ್ಟಾದರೂ ಇರಬೇಕು ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಅಳತೆ. ನಮ್ಮ ಬೇಸಿಗೆಯ ಕಸವೇ ಅದನ್ನು ಮುಟ್ಟುವುದಿಲ್ಲ, ಮಳೆಗಾಲದ ಕಸವಂತೂ ಅದರ ಅರ್ಧಕ್ಕಿಂತ ಕೆಳಗಿದೆ.

ಕೊರತೆಯನ್ನು ಡೀಸೆಲ್‌ನಿಂದ ತುಂಬಬೇಕು. ಕಿಲೋಗೆ 760ರ ಕೊರತೆ ಎಂದರೆ ಟನ್ನಿಗೆ 7.6 ಲಕ್ಷ ಕಿಲೋಕ್ಯಾಲೊರಿ, ಅಂದರೆ ಹೆಚ್ಚುಕಡಿಮೆ 88 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿ ಹಿಡಿದರೂ ಒಂದು ಟನ್ ಕಸ ಸುಡಲು ಸುಮಾರು 8,000 ರೂಪಾಯಿ ಬರೀ ಎಣ್ಣೆಗೇ ಬೇಕು. ಡೀಸೆಲ್ ಹಾಕದೆ ಹೊಗೆಯಾಡಿಸಿಕೊಂಡು ಸುಡುತ್ತೇವೆ ಎನ್ನುವಂತಿಲ್ಲ. ಎರಡನೆಯ ದಹನ ಕೋಣೆಯಲ್ಲಿ 950 ಡಿಗ್ರಿ ಶಾಖದಲ್ಲಿ ಹೊಗೆ ಕನಿಷ್ಠ ಎರಡು ಸೆಕೆಂಡು ಇರಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ನಿಗದಿಪಡಿಸಿದ್ದು ಡಯಾಕ್ಸಿನ್‌ನಂಥ ವಿಷಗಳು ಹೊರಬರದಿರಲೆಂದೇ. 1987ರಲ್ಲಿ ದಿಲ್ಲಿಯ ತಿಮಾರ್‌ಪುರದಲ್ಲಿ ದಿನಕ್ಕೆ 300 ಟನ್ ಸುಡಲೆಂದು ಕಟ್ಟಿದ ಘಟಕ ಬೇಗನೆ ನಿಂತುಹೋದದ್ದೂ ಯಂತ್ರ ಬಯಸಿದಷ್ಟು ಶಾಖ ಕಸದಲ್ಲಿ ಇಲ್ಲದ್ದರಿಂದ. ಅದು ದಿಲ್ಲಿಯ ಒಣ ಹವೆಯಲ್ಲಿ ಆದ ಮಾತು.

ಗ್ಯಾಸಿಫೈಯರ್ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಸಾಕಷ್ಟು ಗಾಳಿ ಕೊಡದೆ ಕಸವನ್ನು ಕಾಯಿಸಿ, ಅದರಿಂದ ಹೊರಡುವ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕವನ್ನು ಎಂಜಿನ್ನಿಗೆ ಕೊಡುವ ಈ ಯಂತ್ರ ಒಣ ಸೌದೆ ಚೂರುಗಳಲ್ಲಿ ಸೊಗಸಾಗಿ ನಡೆಯಿತು. ಊರಿನ ಕಸ ಹಾಕಬೇಕಾದರೆ ಮಾತ್ರ ತೇವ 20 ಶೇಕಡಾಕ್ಕೆ ಇಳಿಯಬೇಕು. 65 ಶೇಕಡಾ ನೀರಿರುವ ಒಂದು ಟನ್ ಕಸದಿಂದ ಅದಕ್ಕಾಗಿ 560 ಕಿಲೋ ನೀರನ್ನು ತೆಗೆಯಬೇಕು. ಆಷಾಢದಲ್ಲಿ ಅಡಿಕೆಯನ್ನೇ ಒಣಗಿಸಲು ಪರದಾಡುವ ಸೀಮೆಯಲ್ಲಿ ಅಷ್ಟು ಕಸವನ್ನು ಒಣಗಿಸುವ ಖರ್ಚು ಯಾರಿಗೂ ಹೊರೆಯೇ. ಸರಿಯಾಗಿ ಒಣಗದಿದ್ದರೆ ಒಳಗಿನ ಶಾಖ ಇಳಿದು, ಒಡೆಯದೆ ಉಳಿದ ಟಾರು ಎಂಜಿನ್ನಿನ ವಾಲ್ವುಗಳಿಗೆ ಕಪ್ಪಗೆ ಅಂಟುತ್ತದೆ. ಗಾಜಿನ ಚೂರು, ಮಣ್ಣು ಕರಗಿ ತಳದ ಜಾಲರಿಯ ಮೇಲೆ ಕಲ್ಲಿನಂತೆ ಕಟ್ಟಿಕೊಳ್ಳುತ್ತದೆ. ಒಂದೇ ಬಗೆಯ ಒಣ ತ್ಯಾಜ್ಯ ದಿನವೂ ಸಿಗುವ ಮರದ ಮಿಲ್ಲಿಗೆ ಇದು ಒಳ್ಳೆಯ ಯಂತ್ರ.

ಬಯೋಮೀಥನೇಶನ್‌ನಲ್ಲಿ ನೀರು ಶತ್ರುವಲ್ಲ, ಕಸಕ್ಕೆ ನಾವೇ ಇನ್ನಷ್ಟು ನೀರು ಸೇರಿಸಿ ಸ್ಲರಿ ಮಾಡುತ್ತೇವೆ. ಮಲೆನಾಡಿನ ಮನೆಗಳಲ್ಲಿ ಗೋಬರ್ ಗ್ಯಾಸ್ ಹೊಸದಲ್ಲವಾದ್ದರಿಂದ ಆರಂಭಕ್ಕೆ ಬೇಕಾದ ಸಗಣಿ ರಾಡಿ ಸಿಗುವುದೂ, ಕೆಲಸದವರಿಗೆ ಅದರ ಸ್ವಭಾವ ತಿಳಿದಿರುವುದೂ ದೊಡ್ಡ ಅನುಕೂಲ. ಚೆನ್ನಾಗಿ ಬೇರ್ಪಡಿಸಿದ ಒಂದು ಟನ್ ಹಸಿ ಕಸದಿಂದ ಸುಮಾರು 80 ಘನಮೀಟರ್ ಅನಿಲ ಸಿಗುತ್ತದೆ. ಅಡುಗೆಯ ಲೆಕ್ಕದಲ್ಲಿ ಅದು ಹೋಟೆಲಿನವರು ಬಳಸುವ 19 ಕಿಲೋ ಸಿಲಿಂಡರ್ ಎರಡಕ್ಕೆ ಹತ್ತಿರ.

ಆದರೆ ಒಂದು ತೊಡಕು ನಮ್ಮನ್ನು ಬಹಳ ಕಾಡಿತು. ಅದು ತೆಳು ಪ್ಲಾಸ್ಟಿಕ್ ಕವರು. ಹಸಿ ಕಸವೆಂದು ಮನೆಗಳಿಂದ ಬರುವುದರಲ್ಲೂ ಸಾಂಬಾರು, ಹಳಸಿದ ಅನ್ನ ಕಟ್ಟಿದ ಕವರುಗಳಿರುತ್ತವೆ. ಘಟಕ ಕಟ್ಟಿಕೊಟ್ಟವರು ಎಲ್ಲಕ್ಕೂ ಮೊದಲು ಕತ್ತರಿಸುವ ಯಂತ್ರ ಇಟ್ಟಿದ್ದರು. ಅದು ಇಡೀ ಕವರನ್ನು ಬೆರಳಗಲದ ನೂರಾರು ಪಟ್ಟಿಗಳನ್ನಾಗಿ ಮಾಡಿ ಸ್ಲರಿಯೊಳಗೆ ಕಳಿಸುತ್ತಿತ್ತು. ಕೈಯಲ್ಲಿ ಎತ್ತಿ ಬಿಸಾಡಬಹುದಾಗಿದ್ದ ವಸ್ತು ಯಾರೂ ಹೆಕ್ಕಲಾಗದ ವಸ್ತುವಾಯಿತು. ಸ್ಲರಿ ಕೊಳೆಯುವ ಮುಚ್ಚಿದ ತೊಟ್ಟಿಯಾದ ಡೈಜೆಸ್ಟರಿನಲ್ಲಿ ಈ ಪಟ್ಟಿಗಳು ಮೇಲೆ ತೇಲಿ, ತೆಂಗಿನ ನಾರು ಮತ್ತು ಬಾಳೆ ನಾರಿನೊಂದಿಗೆ ಹೆಣೆದುಕೊಂಡು ದಪ್ಪ ಕೆನೆಯಾದವು, ಕೆಲವು ಕಲಕುವ ದಂಡಕ್ಕೆ ಸುತ್ತಿಕೊಂಡವು. ಕೆಳಗೆ ಹುಟ್ಟಿದ ಅನಿಲಕ್ಕೆ ಮೇಲೆ ಬರಲು ದಾರಿಯಿಲ್ಲ.

ಇದನ್ನು ಗುರುತಿಸುವುದು ಹೇಗೆ ಎಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಅನಿಲ ಕಡಿಮೆಯಾದ ಕೂಡಲೇ ಎಲ್ಲರೂ ಹುಳಿಯಾಗಿದೆ ಎಂದುಕೊಂಡು ಸುಣ್ಣ ಸುರಿಯುತ್ತಾರೆ. ನಿಜವಾಗಿ ಹುಳಿಯೇರಿದ್ದರೆ ಸ್ಲರಿಯ ಪಿಎಚ್ 6.5ಕ್ಕಿಂತ ಕೆಳಗಿಳಿಯುತ್ತದೆ, ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಬರ್ನರಿನಲ್ಲಿ ಜ್ವಾಲೆ ನಿಲ್ಲದೆ ಆರುತ್ತದೆ. ಆಗ ಕೆಲವು ದಿನ ಕಸ ಹಾಕುವುದನ್ನು ನಿಲ್ಲಿಸಬೇಕು. ಕೆನೆ ಕಟ್ಟಿದ್ದರೆ ಪಿಎಚ್ 7ರ ಆಸುಪಾಸಿನಲ್ಲೇ ಇರುತ್ತದೆ, ಬರುವಷ್ಟು ಅನಿಲ ನೀಲಿಯಾಗಿ ಚೆನ್ನಾಗಿ ಉರಿಯುತ್ತದೆ, ಅನಿಲದ ಡ್ರಮ್ಮು ಮಾತ್ರ ಮೊದಲಿನಂತೆ ಏಳುವುದಿಲ್ಲ. ಹೊರಹರಿಯುವ ಸ್ಲರಿ ತೆಳ್ಳಗೆ ನೀರಿನಂತಿರುತ್ತದೆ. ಪರೀಕ್ಷಾ ಕೊಳವೆಯಲ್ಲಿ ಬಿದಿರಿನ ಗಳ ಇಳಿಸಿದರೆ ಮೇಲ್ಭಾಗದಲ್ಲೇ ತಡೆಯುತ್ತದೆ. ಕೆನೆ ತೆಗೆಯಲೆಂದು ಯಾರನ್ನೂ ಡೈಜೆಸ್ಟರಿನೊಳಗೆ ಇಳಿಸಕೂಡದು. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಕ್ಷಣಗಳಲ್ಲಿ ಪ್ರಾಣ ತೆಗೆಯುತ್ತದೆ.

ನಮಗೆ ಪರಿಹಾರ ದೊರೆತದ್ದು ಕ್ರಮ ಬದಲಿಸಿದಾಗ. ಈಗ ಮೇಜಿನ ಮೇಲೆ ಕವರುಗಳನ್ನು ಇಡಿಯಾಗಿಯೇ ಬಿಚ್ಚಿ ತೆಗೆಯುತ್ತಾರೆ. ಕಸವನ್ನು ತೊಟ್ಟಿಯಲ್ಲಿ ನೀರಿನೊಂದಿಗೆ ಕಲಸಿ ನಿಲ್ಲಿಸಿದಾಗ ಮರಳು, ಚಿಪ್ಪು ತಳ ಸೇರುತ್ತವೆ, ಉಳಿದ ಪ್ಲಾಸ್ಟಿಕ್ ತೇಲುತ್ತದೆ. ಅದನ್ನು ಜಾಲರಿಯಿಂದ ಬಾಚಿ, ಸ್ಲರಿಯನ್ನು 10 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಸೋಸಿದ ಮೇಲೆಯೇ ಒಳಗೆ ಬಿಡುತ್ತೇವೆ. ಎಳನೀರು ಬುರುಡೆ ಮತ್ತು ಬಾಳೆದಿಂಡು ಗೊಬ್ಬರದ ಗುಂಡಿಗೆ ಹೋಗುತ್ತವೆ. ಲಕ್ನೋದಲ್ಲಿ 2003ರ ಸುಮಾರಿಗೆ ಆರಂಭವಾದ 5 ಮೆಗಾವ್ಯಾಟಿನ ಬಯೋಮೀಥನೇಶನ್ ಘಟಕ ಮುಚ್ಚಿದ್ದು ಕಸದಲ್ಲಿ ಬೆರೆತ ಮಣ್ಣು, ಪ್ಲಾಸ್ಟಿಕ್‌ಗಳ ಕಾರಣಕ್ಕೆ. 2022ರಲ್ಲಿ ಇಂದೋರಿನಲ್ಲಿ ಆರಂಭವಾದ ದಿನಕ್ಕೆ 550 ಟನ್ನಿನ ಘಟಕದ ಹಿಂದೆ ಮನೆಮನೆಯಲ್ಲೇ ಕಸ ಬೇರ್ಪಡಿಸುವ ವ್ಯವಸ್ಥೆ ಇದೆ.

ಚಳಿಗಾಲದಲ್ಲಿ ಸ್ಲರಿ 35 ಡಿಗ್ರಿಗಿಂತ ತಣ್ಣಗಾಗಿ ಅನಿಲ ಇಳಿಯುತ್ತದೆ. ಈ ಅನಿಲದಿಂದ ಓಡುವ ಎಂಜಿನ್ ತಂಪುಗೊಳಿಸಿದ ಬಿಸಿನೀರನ್ನು ಡೈಜೆಸ್ಟರಿಗೆ ಸುತ್ತಿಸಿದರೆ ಸಾಕಾಗುತ್ತದೆ.

ಈ ಘಟಕ ಇಡೀ ಊರಿನ ಕಸವನ್ನು ತೀರಿಸುವುದಿಲ್ಲ. ಹಸಿಯ ಭಾಗವಷ್ಟೇ ಇದರದು. ಮರುಬಳಕೆಗೆ ಬಾರದ ಪ್ಲಾಸ್ಟಿಕ್, ಬಟ್ಟೆಗಳನ್ನು ಶೆಡ್ಡಿನಡಿ ಒಣಗಿಸಿಟ್ಟು, ಮಳೆ ಬಿಟ್ಟ ಮೇಲೆ ಕಲಬುರಗಿ, ಬಾಗಲಕೋಟೆ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಕಳಿಸಬೇಕು, ಅದರ ಲಾರಿ ಬಾಡಿಗೆ ಪ್ರತ್ಯೇಕ ಖರ್ಚು. ಹಾಗಿದ್ದರೂ ನನ್ನ ಆಯ್ಕೆ ಇದೇ. ಕುಲುಮೆಗೆ ಮಳೆಗಾಲದ ಡೀಸೆಲ್ ಒದಗಿಸುವಷ್ಟು ದುಡ್ಡು ನಮ್ಮಂಥ ಪುರಸಭೆಗಳಿಗೆ ಎಂದೂ ಇರುವುದಿಲ್ಲ. ಕವರು ಬಿಚ್ಚುವ ಮೇಜಿನ ಬಳಿ ನಾಲ್ಕು ಜನರಿಗೆ ಕೈಗವಸು, ಬೂಟು ಮತ್ತು ತಪ್ಪದೆ ಸಂಬಳ ಕೊಡುವಷ್ಟು ಇದ್ದೇ ಇರುತ್ತದೆ. ಆ ನಾಲ್ವರ ಸಂಬಳವನ್ನು ಟೆಂಡರಿನಲ್ಲಿ ನಿರ್ವಹಣಾ ವೆಚ್ಚವಾಗಿ ಬರೆಯದ ಊರು ಈ ಘಟಕವನ್ನು ಕಟ್ಟಿಸದಿರುವುದೇ ಮೇಲು.