ಎಕ್ಸ್‌ಆರ್ ಮಾತ್ರೆಯನ್ನು ಪುಡಿ ಮಾಡಿ ಕೊಡುವುದನ್ನು ಇವತ್ತೇ ನಿಲ್ಲಿಸಿ

ನುಂಗಲು ಕಷ್ಟಪಡುವ ಹಿರಿಯರೊಬ್ಬರಿಗೆ ಮನೆಯವರು ಮಾನಸಿಕ ಕಾಯಿಲೆಗೆ ಕೊಡುವ ಕ್ವೆಟಿಯಾಪಿನ್ ಎಂಬ ಔಷಧದ 100 ಮಿ.ಗ್ರಾಂ. ಸಾದಾ ಮಾತ್ರೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು, ಪುಡಿ ಮಾಡಿ ಕೊಡುತ್ತಿದ್ದರು. ತೊಂದರೆ ಇರಲಿಲ್ಲ. ದಿನಕ್ಕೊಂದೇ ಮಾತ್ರೆ ಸಾಕಾಗಲೆಂದು ವೈದ್ಯರು ಅದನ್ನು 200 ಮಿ.ಗ್ರಾಂ. ಎಕ್ಸ್‌ಆರ್‌ಗೆ, ಅಂದರೆ ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆಗೆ, ಬದಲಾಯಿಸಿದರು. ಔಷಧದ ಹೆಸರು ಅದೇ ಇದ್ದುದರಿಂದ ಇದನ್ನೂ ಎಂದಿನಂತೆ ಅರೆದು ರಾತ್ರಿ ಎಂಟಕ್ಕೆ ಕೊಟ್ಟರು. ಒಂಬತ್ತೂವರೆಗೆಲ್ಲ ಮಾತು ತೊದಲುವಷ್ಟು ಮಂಪರು. ಸ್ವಲ್ಪ ಹೊತ್ತಿಗೆ ಶೌಚಕ್ಕೆಂದು ಎದ್ದು ನಿಂತವರು ಕಣ್ಣು ಕತ್ತಲಿಟ್ಟು ಬಿದ್ದರು.

ದಿನದ ಒಟ್ಟು ಪ್ರಮಾಣ ಹೆಚ್ಚಾಗಿರಲಿಲ್ಲ, ಅದೇ 200. ಆದರೆ ಎರಡು ಹೊತ್ತಿನ ಔಷಧ ಒಂದೇ ಸಲಕ್ಕೆ ರಕ್ತ ಸೇರಿತ್ತು. ಈ ಮಾತ್ರೆಯಲ್ಲಿ ಔಷಧದ ಜೊತೆಗೆ ನೀರು ತಾಗಿದರೆ ಉಬ್ಬುವ ವಸ್ತುವೊಂದು ಬೆರೆತಿರುತ್ತದೆ. ಹೊಟ್ಟೆಯಲ್ಲಿ ಅದು ಮಾತ್ರೆಯ ಸುತ್ತ ಲೋಳೆಯಂಥ ಪದರವಾಗುತ್ತದೆ. ಔಷಧ ಅದನ್ನು ದಾಟಿಕೊಂಡು ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದೆ. ಹೀಗಾಗಿ ಸಾದಾ ಮಾತ್ರೆಯ ಮಟ್ಟ ರಕ್ತದಲ್ಲಿ ಸುಮಾರು ಒಂದೂವರೆ ಗಂಟೆಗೆ ತುದಿ ಮುಟ್ಟಿದರೆ, ಎಕ್ಸ್‌ಆರ್‌ನದು ಸುಮಾರು ಆರು ಗಂಟೆಗೆ. ಅರೆದಾಗ ಆ ಪದರ ಕಟ್ಟಿಕೊಳ್ಳಲು ಮಾತ್ರೆಯೇ ಉಳಿದಿರುವುದಿಲ್ಲ. ಅರ್ಧಕ್ಕೆ ಮುರಿದರೂ ಒಳಮೈ ತೆರೆದುಕೊಂಡು ವೇಗ ಕೆಡುತ್ತದೆ. ಅಗಿಯುವುದೂ ಅರೆದಂತೆಯೇ.

ಇಲ್ಲಿ ಕೆಟ್ಟದ್ದು ನಿದ್ದೆ ಮಾತ್ರವಲ್ಲ. ರೋಗಿ ಎದ್ದು ನಿಂತಾಗ ಈ ಔಷಧ ರಕ್ತದೊತ್ತಡ ಇಳಿಸುತ್ತದೆ, ಎದೆಬಡಿತ ಏರಿಸುತ್ತದೆ. ಬೇರೆ ನಿದ್ದೆಮಾತ್ರೆ, ಮಾರ್ಫಿನ್ ಜಾತಿಯ ನೋವುಶಾಮಕ ಅಥವಾ ಮದ್ಯ ಜೊತೆಗಿದ್ದರೆ ಉಸಿರೇ ನಿಧಾನವಾಗಬಹುದು. ಇನ್ನೊಂದು ಮೋಸವೂ ಇದೆ: ಬೇಗ ಏರಿದ್ದು ಬೇಗ ಇಳಿಯುತ್ತದೆ. ಮರುದಿನ ಚಡಪಡಿಕೆ ಕಂಡು ‘ಮಾತ್ರೆ ಸಾಲುತ್ತಿಲ್ಲ’ ಎಂದು ಇನ್ನೊಂದು ಕೊಟ್ಟುಬಿಡುತ್ತಾರೆ. ಅದು ಇನ್ನೂ ಅಪಾಯ.

ಅರೆದು ಕೊಟ್ಟಾಗಿದ್ದರೆ ವಾಂತಿ ಮಾಡಿಸಬೇಡಿ. ಒಬ್ಬರೇ ಎದ್ದು ಓಡಾಡಲು ಬಿಡಬೇಡಿ, ಮುಂದಿನ ಡೋಸ್ ಕೊಡದೆ ಕೂಡಲೇ ವೈದ್ಯರಿಗೆ ತಿಳಿಸಿ. ಕೂಗಿದರೂ ಎಚ್ಚರವಾಗದಿದ್ದರೆ, ಉಸಿರು ನಿಧಾನವಾಗಿದ್ದರೆ ಅಥವಾ ಬಿದ್ದು ತಲೆಗೆ ಪೆಟ್ಟಾಗಿದ್ದರೆ ತುರ್ತು ವಾಹನ ಕರೆಯಿರಿ. ಪ್ರಜ್ಞೆಯಿಲ್ಲದೆ ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಲಗಿಸಿ. ಮಾತ್ರೆಯ ಸ್ಟ್ರಿಪ್ ಜೊತೆಗಿರಲಿ.

ಸ್ಟ್ರಿಪ್ ಮೇಲೆ ಹೆಸರಿನ ಬಾಲಕ್ಕೆ ಎಕ್ಸ್‌ಆರ್, ಇಆರ್, ಎಸ್‌ಆರ್, ಸಿಆರ್, ಪಿಆರ್ ಎಂದಿದೆಯೇ ನೋಡಿ. ಬಾಲವಿಲ್ಲದ ನಿಧಾನ ಮಾತ್ರೆಗಳೂ ಇವೆ, ಆದ್ದರಿಂದ ಹೊಸ ಸ್ಟ್ರಿಪ್ ಬಂದಾಗಲೆಲ್ಲ ‘ಇದನ್ನು ಅರೆಯಬಹುದೇ?’ ಎಂದು ಔಷಧ ಕೊಡುವವರನ್ನೇ ಕೇಳಿ. ಮಧ್ಯದಲ್ಲಿ ಗೀರು ಇರುವ ಕೆಲವು ನಿಧಾನ ಮಾತ್ರೆಗಳನ್ನು ತಯಾರಕರೇ ಹೇಳಿದ್ದರೆ ಗೀರಿನಲ್ಲಿ ಮುರಿಯಬಹುದು, ಅರೆಯುವಂತಿಲ್ಲ. ನುಂಗಲು ಆಗುವುದೇ ಇಲ್ಲವೆಂದರೆ ವೈದ್ಯರಿಗೆ ಅದನ್ನೇ ಹೇಳಿ: ಸಾದಾ ಮಾತ್ರೆಗೆ ಮರಳಿ ಅದೇ ಒಟ್ಟು ಪ್ರಮಾಣವನ್ನು ಎರಡು ಹೊತ್ತಿಗೆ ಹಂಚಿ ಬರೆದುಕೊಡಲು ಅವರಿಗೆ ಸಾಧ್ಯವಿದೆ. ಆ ಲೆಕ್ಕವನ್ನು ಮನೆಯಲ್ಲಿ ನೀವೇ ಮಾಡಬೇಡಿ, ಮಾತ್ರೆಯನ್ನು ತಟ್ಟನೆ ನಿಲ್ಲಿಸಿಬಿಡಲೂ ಬೇಡಿ.