ಗಾರ್ಮಿನ್ ವಾಚಿನ ಸ್ಟ್ರೆಸ್ ಸ್ಕೋರ್ ಮತ್ತು ಬಾಡಿ ಬ್ಯಾಟರಿ: ರಾತ್ರಿಯ ಲೆಕ್ಕ ನಂಬಬಹುದು, ಹಗಲಿನದ್ದು ಅಷ್ಟಾಗಿ ಅಲ್ಲ

ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವವಳು. ಗಾರ್ಮಿನ್ ವಾಚ್ ಕಟ್ಟಲು ಶುರುಮಾಡಿ ಎರಡು ವರ್ಷ ದಾಟಿದೆ. ನಡಿಗೆ, ನಿದ್ದೆ, ಹೃದಯದ ಬಡಿತ ಇವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಬೇಕು ಅಂದುಕೊಂಡಿದ್ದು ಅದರಲ್ಲಿರುವ ಎರಡು ಅಂಕಿಗಳ ಬಗ್ಗೆ ಮಾತ್ರ: ಒತ್ತಡ ಎಷ್ಟಿದೆ ಅನ್ನುವ ಸ್ಟ್ರೆಸ್ ಸ್ಕೋರ್ ಮತ್ತು ದೇಹದಲ್ಲಿ ಎಷ್ಟು ಶಕ್ತಿ ಉಳಿದಿದೆ ಅನ್ನುವ ಬಾಡಿ ಬ್ಯಾಟರಿ. ಸ್ಟಾಫ್ ರೂಮಿನಲ್ಲಿ ವಾಚ್ ನೋಡಿದವರು ಮೊದಲು ಕೇಳುವುದೇ ಇದನ್ನು, "ಮೇಡಂ, ಟೆನ್ಶನ್ ಆದ್ರೆ ಅದಕ್ಕೆ ಹೇಗೆ ಗೊತ್ತಾಗುತ್ತೆ?"

ಟೆನ್ಶನ್ ಅದಕ್ಕೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಹೃದಯದ ಬಡಿತ ಮಾತ್ರ.

ವಾಚಿನ ಹಿಂಬದಿಯ ಹಸಿರು ಬೆಳಕು ಚರ್ಮದೊಳಗೆ ಹೋಗುತ್ತದೆ. ಪ್ರತಿ ಬಡಿತಕ್ಕೂ ರಕ್ತ ನುಗ್ಗಿ ಬಂದಾಗ ವಾಪಸ್ ಬರುವ ಬೆಳಕು ಸ್ವಲ್ಪ ಕಮ್ಮಿಯಾಗುತ್ತದೆ. ಅದರಿಂದ ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವಿನ ಸಮಯವನ್ನು ವಾಚ್ ಅಳೆಯುತ್ತದೆ. ನಿಮಿಷಕ್ಕೆ 60 ಬಡಿತ ಅಂದರೆ ಸರಿಯಾಗಿ ಸೆಕೆಂಡಿಗೊಂದು ಬಡಿತ ಅಂತ ಅಲ್ಲ. ಒಂದು ಸಲ 0.94 ಸೆಕೆಂಡ್, ಇನ್ನೊಂದು ಸಲ 1.05 ಸೆಕೆಂಡ್, ಹೀಗೆ ಹಿಂದೆ ಮುಂದೆ ಆಗುತ್ತಿರುತ್ತದೆ. ಉಸಿರು ಎಳೆದುಕೊಂಡಾಗ ಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಈ ಏರುಪೇರಿಗೆ ಎಚ್‌ಆರ್‌ವಿ ಅನ್ನುತ್ತಾರೆ. ದೇಹ ಆರಾಮಾಗಿದ್ದಾಗ ಏರುಪೇರು ಜಾಸ್ತಿ. ದೇಹ ಯಾವುದಾದರೂ ಕೆಲಸಕ್ಕೆ ಸಜ್ಜಾದಾಗ ಬಡಿತ ಏರುತ್ತದೆ, ಏರುಪೇರು ತಗ್ಗುತ್ತದೆ.

ಸ್ಟ್ರೆಸ್ ಸ್ಕೋರ್ ಮುಖ್ಯವಾಗಿ ನಿಂತಿರುವುದು ಇದರ ಮೇಲೆ. 0ರಿಂದ 25 ವಿಶ್ರಾಂತಿ, 26ರಿಂದ 50 ಕಡಿಮೆ, 51ರಿಂದ 75 ಮಧ್ಯಮ, 76ರ ಮೇಲೆ ಜಾಸ್ತಿ. ವಿಶ್ರಾಂತಿ ನೀಲಿ ಬಣ್ಣದಲ್ಲಿ, ಉಳಿದದ್ದು ಕಿತ್ತಳೆ ಬಣ್ಣದಲ್ಲಿ ಕಾಣುತ್ತದೆ. ನಡೆಯುತ್ತಿದ್ದರೆ, ಓಡುತ್ತಿದ್ದರೆ ಸ್ಟ್ರೆಸ್ ಅಳೆಯುವುದಿಲ್ಲ, ಆ ಹೊತ್ತು ಬೂದು ಬಣ್ಣಕ್ಕೆ ತಿರುಗುತ್ತದೆ. ಕೈ ಅಲ್ಲಾಡಿದರೆ ಬಡಿತಗಳ ನಡುವಿನ ಸಣ್ಣ ವ್ಯತ್ಯಾಸ ಸಿಗುವುದು ಕಷ್ಟ, ಆದ್ದರಿಂದ ಬಿಟ್ಟುಬಿಡುವುದೇ ಸರಿ. ಈ ಲೆಕ್ಕದ ವಿಧಾನ ಗಾರ್ಮಿನ್ನಿನ ಸ್ವಂತದ್ದಲ್ಲ, ಫಿನ್ಲೆಂಡಿನ ಫರ್ಸ್ಟ್‌ಬೀಟ್ ಕಂಪನಿಯದ್ದು. 2020ರಲ್ಲಿ ಅದರ ಅನಾಲಿಟಿಕ್ಸ್ ವಿಭಾಗವನ್ನು ಗಾರ್ಮಿನ್ ಕೊಂಡುಕೊಂಡಿತು.

ಈಗ ನನ್ನ ಒಂದು ಮಾಮೂಲಿ ದಿನ ನೋಡಿ. ಬೆಳಗ್ಗೆ ಸತತವಾಗಿ ಎರಡು ಕ್ಲಾಸ್. ಹದಿನೈದು ವರ್ಷದಿಂದ ಹೇಳಿಕೊಡುತ್ತಿರುವ ಪಾಠ, ಮಕ್ಕಳೂ ಚೆನ್ನಾಗಿ ಕೇಳುತ್ತಾರೆ, ಮನಸ್ಸು ಹಗುರವಾಗಿರುತ್ತದೆ. ವಾಚಿನಲ್ಲಿ ಮಾತ್ರ ಎತ್ತರದ ಕಿತ್ತಳೆ ಗೆರೆಗಳು, 60, 70. ಮಧ್ಯಾಹ್ನ ಮೀಟಿಂಗ್. ಅಲ್ಲಿ ಆಗುವ ಮಾತಿಗೆ ಒಳಗೊಳಗೇ ಕುದಿಯುತ್ತಾ ಕುರ್ಚಿಯಲ್ಲಿ ಸುಮ್ನೆ ಕೂತಿರುತ್ತೇನೆ. ಆ ಹೊತ್ತಿಗೆ 30ರ ಆಸುಪಾಸು.

ಇದರಲ್ಲಿ ವಾಚ್ ಕೆಟ್ಟಿದೆ ಅನ್ನುವಂಥದ್ದು ಏನೂ ಇಲ್ಲ. ಎದ್ದು ನಿಂತರೆ ರಕ್ತ ಕಾಲಿನ ಕಡೆ ಇಳಿಯುತ್ತದೆ, ಅದನ್ನು ಮೇಲೆತ್ತಲು ಹೃದಯ ಚುರುಕಾಗುತ್ತದೆ, ಏರುಪೇರು ತಗ್ಗುತ್ತದೆ. ಜೋರಾಗಿ ಮಾತಾಡುವಾಗ ಉಸಿರಿನ ಲಯವೂ ಬದಲಾಗುತ್ತದೆ. ಹಾಗಂತ ಅಲ್ಲಿ ನಡಿಗೆ ಇಲ್ಲ, ಆದ್ದರಿಂದ ವಾಚ್ ಅದನ್ನು ವ್ಯಾಯಾಮ ಅಂತಲೂ ಬಿಡುವುದಿಲ್ಲ. ನಿಂತು ಪಾಠ ಮಾಡುವುದು ಅದರ ಪಾಲಿಗೆ ಸ್ಟ್ರೆಸ್ಸೇ. ಮದುವೆ ಮನೆಯ ಸಂಭ್ರಮ, ಮ್ಯಾಚಿನ ಕೊನೇ ಓವರ್, ಪರೀಕ್ಷೆಯ ಭಯ ಎಲ್ಲದಕ್ಕೂ ಹೃದಯ ಹೆಚ್ಚುಕಮ್ಮಿ ಒಂದೇ ರೀತಿ ಸ್ಪಂದಿಸುತ್ತದೆ. ಖುಷಿ ಯಾವುದು, ಕೋಪ ಯಾವುದು ಅಂತ ಬಿಡಿಸಿ ಹೇಳಲು ವಾಚಿನ ಕೈಯಲ್ಲಿ ಬೇರೆ ಮಾಹಿತಿಯೇ ಇಲ್ಲ.

ಇದು ನನ್ನೊಬ್ಬಳ ಅನುಭವ ಅಂದುಕೊಳ್ಳಬೇಡಿ. ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 800 ವಿದ್ಯಾರ್ಥಿಗಳಿಗೆ ಗಾರ್ಮಿನ್ ವಿವೋಸ್ಮಾರ್ಟ್ 4 ಕಟ್ಟಿಸಿ, ಮೂರು ತಿಂಗಳ ಕಾಲ ದಿನಕ್ಕೆ ಹಲವು ಸಲ "ಈಗ ಹೇಗನ್ನಿಸುತ್ತಿದೆ" ಅಂತ ಕೇಳಿ ಬರೆದುಕೊಂಡರು. ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ವಾಚಿನ ಸ್ಟ್ರೆಸ್ಸಿಗೂ ಅವರೇ ಹೇಳಿದ ಒತ್ತಡಕ್ಕೂ ಹೆಚ್ಚುಕಮ್ಮಿ ಸಂಬಂಧವೇ ಕಾಣಲಿಲ್ಲ. ಬಾಡಿ ಬ್ಯಾಟರಿಗೂ ಆಯಾಸಕ್ಕೂ ಸ್ವಲ್ಪ ನಂಟು ಇತ್ತು, ಬಲವಾದದ್ದಲ್ಲ. ನಿದ್ದೆಯ ವಿಷಯದಲ್ಲಿ, ಅದರಲ್ಲೂ ಎಷ್ಟು ಹೊತ್ತು ಮಲಗಿದರು ಅನ್ನುವುದರಲ್ಲಿ, ಇವೆರಡಕ್ಕಿಂತ ಚೆನ್ನಾಗಿ ತಾಳೆಯಾಯಿತು.

ಇನ್ನೊಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಿ ನೋಡಬಹುದು. ಸ್ವಲ್ಪ ಹೊತ್ತು ಅಲ್ಲಾಡದೆ ಕೂತು ಸ್ಕೋರ್ ನೋಡಿ. ಆಮೇಲೆ ಅಷ್ಟೇ ಹೊತ್ತು ಅಲ್ಲಾಡದೆ ನಿಂತು ನೋಡಿ. ಮತ್ತೆ ಕೂತು, ನಿಮಿಷಕ್ಕೆ ಆರು ಉಸಿರಿನಂತೆ ನಿಧಾನವಾಗಿ ಉಸಿರಾಡಿ. ನಿಂತಾಗ ಏರಿದ್ದು ಈಗ ಸರ್ರನೆ ಇಳಿಯುತ್ತದೆ. ವಾಚಿನಲ್ಲೇ ಇರುವ ಉಸಿರಾಟದ ವ್ಯಾಯಾಮ ಮಾಡಿದಾಗ ಸ್ಟ್ರೆಸ್ ಇಳಿಯಿತು ಅಂತ ತುಂಬ ಜನ ಹೇಳುತ್ತಾರೆ. ಇಳಿಯಲೇಬೇಕು ಅಲ್ವಾ? ನಿಧಾನದ ಉಸಿರು ಬಡಿತದ ಏರುಪೇರನ್ನು ನೇರವಾಗಿ ಹೆಚ್ಚಿಸುತ್ತದೆ. ಮನಸ್ಸು ಹಗುರಾಗಿರಬಹುದು, ಆಗದೆಯೂ ಇರಬಹುದು. ಅದನ್ನು ಆ ಅಂಕಿಯಿಂದ ತಿಳಿಯಲಾಗದು.

ಬಾಡಿ ಬ್ಯಾಟರಿ ಇದರ ಮುಂದಿನ ಹಂತ. 5ರಿಂದ 100ರವರೆಗಿನ ಅಂಕಿ. ಕಿತ್ತಳೆ ಹೊತ್ತಿನಲ್ಲಿ, ವ್ಯಾಯಾಮದಲ್ಲಿ ಇಳಿಯುತ್ತದೆ, ನೀಲಿ ಹೊತ್ತಿನಲ್ಲಿ, ಮುಖ್ಯವಾಗಿ ನಿದ್ದೆಯಲ್ಲಿ, ಏರುತ್ತದೆ. ಪಾಸ್‌ಬುಕ್ಕಿನ ಬಾಕಿಯ ಹಾಗೆ ನಿನ್ನೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಇವತ್ತಿನದ್ದು ಶುರು. ಹಾಗಾಗಿ ಕ್ಲಾಸಿನಲ್ಲಿ ಸುಮ್ನೆ ಕಳೆದುಕೊಂಡ ಅಂಕಗಳು ಸಂಜೆಯ ಅಂಕಿಯಲ್ಲೂ ಉಳಿದಿರುತ್ತವೆ. ಸಂಜೆ 15 ಅಂತ ತೋರಿಸಿದರೂ ಗೆಳತಿಯರ ಜೊತೆ ಒಂದು ಗಂಟೆ ಶಟಲ್ ಆಡಿ ಬಂದ ದಿನಗಳು ಎಷ್ಟೋ ಇವೆ. ಇದಕ್ಕೆ ವಿರುದ್ಧವಾದದ್ದೂ ಇದೆ. ಭಾರ ಎತ್ತುವ ವ್ಯಾಯಾಮದಲ್ಲಿ ಸೆಟ್‌ಗಳ ನಡುವೆ ಬಡಿತ ಇಳಿಯುತ್ತದೆ, ಜೊತೆಗೆ ಮುಷ್ಟಿ ಬಿಗಿ ಹಿಡಿದಾಗ ಮಣಿಕಟ್ಟಿನ ಓದು ತಪ್ಪುತ್ತದೆ. ಮಾರನೇ ದಿನ ಮೆಟ್ಟಿಲು ಇಳಿಯಲಾಗದಷ್ಟು ತೊಡೆ ನೋಯುತ್ತಿದ್ದರೂ ವಾಚ್ 85 ಅನ್ನಬಹುದು. ಮಾಂಸಖಂಡದ ನೋವು ಅದಕ್ಕೆ ಕಾಣುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಇದನ್ನು ಬಿಟ್ಟಿಲ್ಲ. ಕಾರಣ ರಾತ್ರಿ. ಮಲಗಿದಾಗ ನಿಲ್ಲುವುದಿಲ್ಲ, ಮಾತಾಡುವುದಿಲ್ಲ, ಕೈ ಹೆಚ್ಚು ಅಲ್ಲಾಡುವುದಿಲ್ಲ. ಪ್ರತಿ ರಾತ್ರಿಯೂ ಪರಿಸ್ಥಿತಿ ಹೆಚ್ಚುಕಮ್ಮಿ ಒಂದೇ. ಆದ್ದರಿಂದ ಒಂದು ರಾತ್ರಿಗೂ ಇನ್ನೊಂದು ರಾತ್ರಿಗೂ ವ್ಯತ್ಯಾಸ ಕಂಡರೆ ಅದಕ್ಕೆ ಅರ್ಥ ಇರುತ್ತದೆ.

ನನಗೆ ಇದು ಸ್ಪಷ್ಟವಾಗಿ ಕಂಡಿದ್ದು ಊಟದ ವಿಷಯದಲ್ಲಿ. ಸಾಮಾನ್ಯವಾಗಿ ಎಂಟರ ಒಳಗೆ ಊಟ, ಹನ್ನೊಂದಕ್ಕೆ ನಿದ್ದೆ. ಮಲಗಿದ ಸ್ವಲ್ಪ ಹೊತ್ತಿಗೇ ಗ್ರಾಫ್ ನೀಲಿಯಾಗುತ್ತದೆ, ಬೆಳಗ್ಗೆ ಬಾಡಿ ಬ್ಯಾಟರಿ 80ರ ಮೇಲೆ. ಮೊನ್ನೆ ನೆಂಟರ ಮನೆಯ ಆರತಕ್ಷತೆ. ಹತ್ತೂವರೆಗೆ ಊಟ, ಅದೂ ಹೋಳಿಗೆ ತುಪ್ಪ, ಬಿಸಿಬೇಳೆಬಾತ್, ಬಜ್ಜಿ. ಮನೆಗೆ ಬಂದು ಮಲಗಿದ್ದು ಹನ್ನೊಂದೂವರೆಗೆ. ಬೆಳಗ್ಗೆ ನೋಡಿದರೆ ನಿದ್ದೆ ಏಳು ಗಂಟೆ, ಎಂದಿನಷ್ಟೇ. ಆದರೆ ರಾತ್ರಿ ಎರಡರವರೆಗೂ ಗ್ರಾಫ್ ಕಿತ್ತಳೆಯಾಗೇ ಇತ್ತು. ಆ ಎರಡೂವರೆ ಗಂಟೆಯ ಬಡಿತ ಎಂದಿಗಿಂತ ಏಳೆಂಟು ಜಾಸ್ತಿ. ಬಾಡಿ ಬ್ಯಾಟರಿ 54. ಹೊಟ್ಟೆ ಅರಗಿಸುವ ಕೆಲಸದಲ್ಲಿದ್ದಾಗ ಹೃದಯಕ್ಕೆ ಬಿಡುವು ಸಿಗುವುದಿಲ್ಲ. ನಿದ್ದೆಯ ಗಂಟೆ ಮಾತ್ರ ನೋಡಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಮದ್ಯ ಕುಡಿದರೂ ರಾತ್ರಿಯ ಗ್ರಾಫ್ ಹೀಗೇ ಕಿತ್ತಳೆಯಾಗುತ್ತದೆ.

ಜ್ವರದ ಸಮಯದಲ್ಲೂ ಹೀಗೇ. ಗಂಟಲು ಕೆರೆತ ಶುರುವಾಗುವ ಹಿಂದಿನ ರಾತ್ರಿಯೇ ಕಿತ್ತಳೆ ತುಂಬಿ, ವಿಶ್ರಾಂತಿಯ ಬಡಿತ ಏರಿದ್ದನ್ನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಆದರೆ ಕಿತ್ತಳೆ ರಾತ್ರಿ ಬಂದಾಗಲೆಲ್ಲ ಜ್ವರ ಬರುವುದಿಲ್ಲ. ತಡವಾದ ಊಟ, ಸೆಖೆ, ಸಂಜೆ ಜಾಸ್ತಿ ಆಟ ಆಡಿದ್ದು ಎಲ್ಲವೂ ಅದೇ ಬಣ್ಣ ತರುತ್ತವೆ. ಇವು ಯಾವುದೂ ಇಲ್ಲದೆ ಎರಡು ರಾತ್ರಿ ಒಂದರ ಹಿಂದೆ ಒಂದು ಕಿತ್ತಳೆಯಾದರೆ ನಾನು ಅವತ್ತಿನ ಆಟ ಬಿಟ್ಟು ಬೇಗ ಮಲಗುತ್ತೇನೆ.

ಹೆಣ್ಣುಮಕ್ಕಳು ಇನ್ನೊಂದು ವಿಷಯ ತಿಳಿದಿರಬೇಕು. ಮುಟ್ಟಿಗೆ ಮುಂಚಿನ ಎರಡು ವಾರ, ಅಂಡೋತ್ಪತ್ತಿ ಆದ ಮೇಲೆ, ಬಹಳಷ್ಟು ಜನರಲ್ಲಿ ಬಡಿತ ಸ್ವಲ್ಪ ಏರುತ್ತದೆ, ಏರುಪೇರು ತಗ್ಗುತ್ತದೆ. ನನ್ನ ಬೆಳಗಿನ ಬಾಡಿ ಬ್ಯಾಟರಿ ಆ ದಿನಗಳಲ್ಲಿ 70ರ ಹತ್ತಿರ ನಿಲ್ಲುತ್ತದೆ. ಅದು ಕಾಯಿಲೆಯೂ ಅಲ್ಲ, ಸೋಮಾರಿತನವೂ ಅಲ್ಲ. ಕಳೆದ ವಾರದ ಜೊತೆ ಹೋಲಿಸುವ ಬದಲು ಕಳೆದ ತಿಂಗಳ ಅದೇ ದಿನಗಳ ಜೊತೆ ಹೋಲಿಸಿದರೆ ಚಿತ್ರ ಸರಿಯಾಗಿ ಕಾಣುತ್ತದೆ.

ಬೇರೆಯವರ ಅಂಕಿಯ ಜೊತೆ ಹೋಲಿಸುವುದಂತೂ ಬೇಡವೇ ಬೇಡ. ಎಚ್‌ಆರ್‌ವಿ ಒಬ್ಬೊಬ್ಬರಿಗೆ ಒಂದೊಂದು ಥರ. ಕಂಪನಿಯಿಂದ ಕಂಪನಿಗೆ ಅಂಕಿಯ ದಿಕ್ಕೇ ಬೇರೆ. ಗಾರ್ಮಿನ್ನಿನಲ್ಲಿ ಸ್ಟ್ರೆಸ್ 80 ಅಂದರೆ ಒತ್ತಡ ಜಾಸ್ತಿ. ಫಿಟ್‌ಬಿಟ್‌ನ ಸ್ಟ್ರೆಸ್ ಮ್ಯಾನೇಜ್‌ಮೆಂಟ್ ಸ್ಕೋರ್ 80 ಅಂದರೆ ದೇಹದಲ್ಲಿ ಒತ್ತಡದ ಲಕ್ಷಣ ಕಡಿಮೆ.

ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಿಗೆ ಈ ಲೆಕ್ಕ ಸರಿಹೋಗುವುದಿಲ್ಲ, ಮಾತ್ರೆಯೇ ಬಡಿತವನ್ನು ಹಿಡಿದಿಟ್ಟಿರುತ್ತದೆ. ಬಡಿತದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಇರುವವರಿಗೂ ಅಷ್ಟೇ. ಅಲ್ಲಿ ಏರುಪೇರು ಕಾಯಿಲೆಯಿಂದ ಬಂದದ್ದು, ಆರಾಮದಿಂದ ಬಂದದ್ದಲ್ಲ. ಅಂಥವರು ಈ ಎರಡು ಅಂಕಿಗಳನ್ನು ನೋಡದಿರುವುದೇ ಒಳ್ಳೆಯದು. ಎದೆನೋವು, ತಲೆಸುತ್ತು ಇದ್ದಾಗ ಬಾಡಿ ಬ್ಯಾಟರಿ 90 ಇದೆ ಅಂತ ಸುಮ್ಮನಿರುವ ಕೆಲಸವನ್ನು ಯಾರೂ ಮಾಡಬಾರದು.

ಈಗ ನಾನು ಬಳಸುವ ರೀತಿ ಹೇಳುತ್ತೇನೆ. ಹಗಲಿನ ಸ್ಟ್ರೆಸ್ ಅಲರ್ಟ್ ಆಫ್ ಮಾಡಿದ್ದೇನೆ. ಬೆಳಗ್ಗೆ ಒಂದು ಸಲ ರಾತ್ರಿಯ ಗ್ರಾಫ್ ತೆರೆದು ನೀಲಿ ಎಷ್ಟು ಗಂಟೆಗೆ ಶುರುವಾಯಿತು ಅಂತ ನೋಡುತ್ತೇನೆ. ನನ್ನ ಲೆಕ್ಕಕ್ಕೆ ಬಾಡಿ ಬ್ಯಾಟರಿಯ ಅಂಕಿಗಿಂತ ಆ ಸಮಯವೇ ಹೆಚ್ಚು ಉಪಯೋಗದ್ದು. ಸ್ಟ್ರಾಪ್ ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಇರಲಿ, ಮಲಗುವಾಗ ಜಾರದಷ್ಟು ಬಿಗಿ ಇರಲಿ. ವಯಸ್ಸು, ತೂಕದ ಜೊತೆ ಗರಿಷ್ಠ ಬಡಿತವನ್ನೂ ಒಮ್ಮೆ ಸರಿಮಾಡಿಕೊಳ್ಳಿ. 220ರಿಂದ ವಯಸ್ಸು ಕಳೆಯುವ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ, ಅದು ತಪ್ಪಾದರೆ ವ್ಯಾಯಾಮಕ್ಕೆ ಕಳೆಯುವ ಅಂಕವೂ ತಪ್ಪುತ್ತದೆ. ಹೊಸ ವಾಚ್ ಆದರೆ ಮೊದಲ ಒಂದೆರಡು ವಾರದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇವೆರಡು ಅಂಕಿಗಳಿಗಾಗಿಯೇ ಹೆಚ್ಚು ದುಡ್ಡು ಕೊಟ್ಟು ಕೊಳ್ಳಬೇಕಾ? ರಾತ್ರಿ ವಾಚ್ ಕಟ್ಟಿ ಮಲಗಲು ಆಗದವರಿಗೆ ಬೇಡ. ಕಟ್ಟುವವರಾದರೆ ಚಾರ್ಜ್ ಹಲವು ದಿನ ಬರುವ ಮಾಡೆಲ್ ನೋಡಿ. ರಾತ್ರಿ ಚಾರ್ಜಿಗೆ ಹಾಕಿದರೆ ಅವತ್ತಿನ ಬಾಡಿ ಬ್ಯಾಟರಿಗೆ ಆಧಾರವೇ ಇರುವುದಿಲ್ಲ. ನಾನು ಬೆಳಗ್ಗೆ ಸ್ನಾನಕ್ಕೆ ಹೋಗುವಾಗ ಚಾರ್ಜಿಗೆ ಹಾಕಿ, ತಿಂಡಿ ಮುಗಿದ ಮೇಲೆ ಕಟ್ಟಿಕೊಳ್ಳುತ್ತೇನೆ.