ಸ್ಪಾರ್ಸ್ ಟೇಬಲ್‌ಗೆ ಲಾಗ್ ಬೆಲೆ ಎಲ್ಲಿಂದ ತರಬೇಕು: ಮೂರು ದಾರಿಗಳ ಹೋಲಿಕೆ

ಬದಲಾಗದ ಅರೇಯಲ್ಲಿ l ಇಂದ r ವರೆಗಿನ ಕನಿಷ್ಠ ಮೌಲ್ಯವನ್ನು ಸ್ಥಿರ ಕಾಲದಲ್ಲಿ ಹೇಳಲು ಸ್ಪಾರ್ಸ್ ಟೇಬಲ್ 2^k ಉದ್ದದ ಎರಡು ತುಂಡುಗಳನ್ನು ನೋಡುತ್ತದೆ: ಒಂದು l ನಲ್ಲಿ ಆರಂಭವಾಗುತ್ತದೆ, ಇನ್ನೊಂದು r ನಲ್ಲಿ ಮುಗಿಯುತ್ತದೆ. 2^k ವ್ಯಾಪ್ತಿಯ ಉದ್ದವನ್ನು ಮೀರದಂತಿರುವ ಅತಿ ದೊಡ್ಡ ಪೂರ್ಣಾಂಕವೇ k, ಅಂದರೆ ಉದ್ದದ 2 ಆಧಾರದ ಲಾಗ್‌ನ ಪೂರ್ಣಾಂಕ ಭಾಗ. ಈ k ಯನ್ನು ಪಡೆಯುವ ಮೂರು ವಿಧಾನಗಳನ್ನು, ಅಂದರೆ ಮೊದಲೇ ತುಂಬಿದ ಲಾಗ್ ಟೇಬಲ್, ದಶಮಾಂಶ ಲೆಕ್ಕದ ಲಾಗ್ ಮತ್ತು ಬಿಟ್ ಎಣಿಕೆಯನ್ನು, ನಾನು ಒಂದೇ ಪ್ರೋಗ್ರಾಮಿನಲ್ಲಿ ಬದಲಾಯಿಸಿ ನೋಡಿದೆ.

ಮೊದಲು ಬಳಸಿದ್ದು ಲಾಗ್ ಟೇಬಲ್, ತಪ್ಪಿದ್ದೂ ಅಲ್ಲಿಯೇ.

```cpp
for (int i = 1; i <= n; i++)
    lg[i] = lg[i / 2] + 1;
```

ಇಲ್ಲಿ i = 2 ರಿಂದ ಆರಂಭಿಸಬೇಕಿತ್ತು. ಹೀಗೆ ಬರೆದಾಗ lg[1] ಸೊನ್ನೆಯಾಗುವ ಬದಲು 1 ಆಗುತ್ತದೆ, ಮುಂದಿನ ಪ್ರತಿಯೊಂದು ಬೆಲೆಯೂ ಒಂದು ಹೆಚ್ಚಾಗುತ್ತದೆ. 5 2 7 1 8 3 6 4 ಎಂಬ ಅರೇಯಲ್ಲಿ 4 ರಿಂದ 6 ರ ವರೆಗೆ, ಸ್ಥಾನಗಳನ್ನು ಸೊನ್ನೆಯಿಂದ ಎಣಿಸಿದರೆ, 8, 3, 6 ಇವೆ; ಸರಿಯುತ್ತರ 3. ಆದರೆ lg[3] ಈಗ 2 ಆಗಿರುವುದರಿಂದ ಎರಡನೆಯ ತುಂಡು 3 ನೇ ಸ್ಥಾನದಿಂದ ಹೊರಟು, ವ್ಯಾಪ್ತಿಯ ಹೊರಗಿರುವ 1 ನ್ನೂ ಸೇರಿಸಿಕೊಂಡು 1 ಎಂದು ಉತ್ತರಿಸಿತು. ಪ್ರೋಗ್ರಾಂ ನಿಲ್ಲಲಿಲ್ಲ, ಎಚ್ಚರಿಕೆಯೂ ಬರಲಿಲ್ಲ. ಎಂಟು ಅಂಶಗಳ ಅರೇಯಲ್ಲಿ ಸಾಧ್ಯವಿರುವ 36 ವ್ಯಾಪ್ತಿಗಳನ್ನೂ ನೇರವಾದ ಲೂಪ್‌ನ ಉತ್ತರದೊಂದಿಗೆ ಹೋಲಿಸಿದಾಗಲೇ ದೋಷ ಕಂಡಿತು.

ಈ ಹೋಲಿಕೆಯಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ಸಂಗತಿಯೆಂದರೆ, k ಹೆಚ್ಚಾಗುವುದೂ ಕಡಿಮೆಯಾಗುವುದೂ ಸಮಾನ ಅಪಾಯವಲ್ಲ ಎಂಬುದು. ದಶಮಾಂಶ ಲೆಕ್ಕದಲ್ಲಿ 8 ರ ಲಾಗ್ 3 ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬಂದು 2 ಎಂದು ಕತ್ತರಿಸಿಹೋಯಿತೆಂದು ಭಾವಿಸೋಣ. ಆಗ ನಾಲ್ಕು ನಾಲ್ಕರ ಎರಡು ತುಂಡುಗಳು ಎಂಟನ್ನೂ ಸರಿಯಾಗಿ ಮುಚ್ಚುತ್ತವೆ, ಉತ್ತರ ಕೆಡುವುದಿಲ್ಲ. ಮೇಲಕ್ಕೆ ಜಾರಿದರೆ ಮಾತ್ರ ಕೇಡು. 32 ಬಿಟ್‌ನ float ಬಳಸಿದರೆ 2097151 ರ ಲಾಗ್ ಹತ್ತಿರದ ಬೆಲೆಗೆ ದುಂಡಾಗಿ 21 ಎಂದೇ ಆಗುತ್ತದೆ. ತುಂಡು ವ್ಯಾಪ್ತಿಗಿಂತ ಒಂದು ಅಂಶ ಉದ್ದವಾಗಿ, ಪಕ್ಕದ ಅಂಶವನ್ನು ಓದುತ್ತದೆ. ಇಷ್ಟು ಉದ್ದಕ್ಕೆ double ಬಳಸಿದರೆ ಈ ತೊಂದರೆಯಿಲ್ಲ.

ಬಿಟ್ ಎಣಿಕೆಯಲ್ಲಿ, ಅಂದರೆ ಉದ್ದದ ಮುಂದಿರುವ ಸೊನ್ನೆ ಬಿಟ್‌ಗಳನ್ನು ಎಣಿಸುವಲ್ಲಿ, ದುಂಡಾಗಿಸುವ ಪ್ರಶ್ನೆಯೇ ಇಲ್ಲ, ತುಂಬಬೇಕಾದ ಟೇಬಲ್ಲೂ ಇಲ್ಲ.

```cpp
int k = 31 - __builtin_clz(r - l + 1);
```

ಉದ್ದ ಸೊನ್ನೆಯಾದರೆ ಮಾತ್ರ ಇದರ ಫಲಿತಾಂಶಕ್ಕೆ ಖಾತರಿಯಿಲ್ಲ. l ಯಾವಾಗಲೂ r ಗಿಂತ ಹೆಚ್ಚಾಗದಂತೆ ನೋಡಿಕೊಂಡರೆ ಸಾಕು. ಆದ್ದರಿಂದ ನಾನು ಈಗ ಇದನ್ನೇ ಆರಿಸಿಕೊಳ್ಳುತ್ತೇನೆ. ಈ ಸೌಲಭ್ಯವಿಲ್ಲದ ಭಾಷೆಯಲ್ಲಿ ಲಾಗ್ ಟೇಬಲ್ಲೇ ಗತಿಯಾದರೆ, ಅದಕ್ಕೆ n ಅಲ್ಲ, n + 1 ಸ್ಥಾನಗಳು ಬೇಕು. ಇಲ್ಲವಾದರೆ ಇಡೀ ಅರೇಯನ್ನು ಕೇಳುವ ಒಂದೇ ಒಂದು ಕ್ವೆರಿ lg[n] ಅನ್ನು ಹುಡುಕಿಕೊಂಡು ಟೇಬಲ್ಲಿನ ಹೊರಗೆ ಹೋಗುತ್ತದೆ.